ಮೆಣಸಿನ ಪಕ್ಕ ಕೊತ್ತಂಬರಿಯೋ, ಕುಚ್ಚಲಕ್ಕಿಯೋ: ಇಪ್ಪತ್ತು ಚೀಟಿಗಳಲ್ಲಿ ಸಪೋರ್ಟ್, ಕಾನ್ಫಿಡೆನ್ಸ್ ಮತ್ತು ಲಿಫ್ಟ್ ಲೆಕ್ಕ

ಉಡುಪಿಯಿಂದ ಮಲ್ಪೆಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಭಾವನವರದ್ದೊಂದು ಜೀನಸಿನ ಅಂಗಡಿಯಿದೆ. ಅಲ್ಲಿ ಬ್ಯಾಡಗಿ ಮೆಣಸಿನ ಗೋಣಿಯ ಪಕ್ಕ ಇನ್ನೊಂದು ಗೋಣಿ ಇಡುವಷ್ಟು ಜಾಗ ಖಾಲಿಯಾದಾಗ, ಅಲ್ಲಿ ಏನನ್ನು ಇಡಬೇಕು ಎಂಬ ಪ್ರಶ್ನೆ ಎದ್ದಿತು. ಭಾವನವರು ತಡಮಾಡದೆ ಹೇಳಿದರು: "ಮೆಣಸು ತೆಗೆದುಕೊಂಡ ಎಂಟು ಜನರಲ್ಲಿ ಏಳು ಜನ ಕುಚ್ಚಲಕ್ಕಿಯನ್ನೂ ಕೊಂಡುಹೋಗುತ್ತಾರೆ. ಅಕ್ಕಿಯನ್ನೇ ಅಲ್ಲಿಡುವ." ಅವರ ಎಣಿಕೆ ಸರಿಯಾಗಿತ್ತು. ಆದರೆ ಅದೇ ಎಂಟು ಜನರಲ್ಲಿ ಏಳು ಜನ ಕೊತ್ತಂಬರಿಯನ್ನೂ ಕೊಂಡಿದ್ದರು. ಎರಡು ಕಡೆಯೂ ಎಂಟರಲ್ಲಿ ಏಳು ಎಂದಾದರೆ ಯಾವುದನ್ನು ಆಯ್ಕೆ ಮಾಡಬೇಕು? ಈ ಒಂದು ಪ್ರಶ್ನೆಯನ್ನು ಕೊನೆಯವರೆಗೆ ಬಿಡಿಸಿದರೆ, ಯಾವ ವಸ್ತುಗಳು ಒಟ್ಟಿಗೆ ಮಾರಾಟವಾಗುತ್ತವೆ ಎಂದು ನೋಡುವ ಬುಟ್ಟಿ ವಿಶ್ಲೇಷಣೆಯಲ್ಲಿ ಬಳಸುವ ಮೂರು ಅಳತೆಗಳೂ ತಮ್ಮ ತಮ್ಮ ಜಾಗದಲ್ಲಿ ಬಂದು ಕುಳಿತುಕೊಳ್ಳುತ್ತವೆ.

ಗ್ರಾಹಕರು ಒಂದೇ ಬಾರಿಗೆ ಕೊಂಡ ವಸ್ತುಗಳ ಪಟ್ಟಿಯನ್ನು ಇಲ್ಲಿ ಬುಟ್ಟಿ ಎನ್ನುತ್ತೇವೆ. ನಮ್ಮ ಪಾಲಿಗೆ ಒಂದು ಚೀಟಿಯೇ ಒಂದು ಬುಟ್ಟಿ. "ಇದನ್ನು ಕೊಂಡ ಚೀಟಿಯಲ್ಲಿ ಅದೂ ಇರುತ್ತದೆ" ಎಂಬ ಬಗೆಯ ಹೇಳಿಕೆಗೆ ಅಸೋಸಿಯೇಷನ್ ರೂಲ್ ಎಂದು ಹೆಸರು. ಕನ್ನಡದಲ್ಲಿ ಸಹವಾಸ ನಿಯಮ ಎನ್ನಬಹುದು, ಮುಂದೆ ಬರಿದೇ ನಿಯಮ ಎನ್ನುತ್ತೇನೆ. "ಮೆಣಸು → ಕೊತ್ತಂಬರಿ" ಎಂದು ಬರೆದರೆ, ಮೆಣಸಿರುವ ಚೀಟಿಗಳಲ್ಲಿ ಕೊತ್ತಂಬರಿಯನ್ನು ಹುಡುಕುತ್ತಿದ್ದೇವೆ ಎಂದರ್ಥ.

ಮೊದಲ ಹೆಜ್ಜೆ: ಚೀಟಿಗಳನ್ನು ಪಟ್ಟಿ ಮಾಡುವುದು

ಲೆಕ್ಕವೆಲ್ಲ ಕಾಗದದ ಮೇಲೆಯೇ ಮುಗಿಯಲಿ ಎಂಬ ಉದ್ದೇಶದಿಂದ ನಾನು ಇಪ್ಪತ್ತು ಚೀಟಿಗಳ ಸಣ್ಣ ಪಟ್ಟಿಯೊಂದನ್ನು ಜೋಡಿಸಿಕೊಂಡಿದ್ದೇನೆ. ಇಲ್ಲಿ ಮೆಣಸು ಎಂದರೆ ಒಣಗಿದ ಬ್ಯಾಡಗಿ ಮೆಣಸು, ಮತ್ತು ಕೊತ್ತಂಬರಿ ಎಂದರೆ ನಮ್ಮ ಕರಾವಳಿಯ ಮಾತಿನಂತೆ ಬೀಜ, ಸೊಪ್ಪಲ್ಲ.

| ಚೀಟಿ | ವಸ್ತುಗಳು |
|---|---|
| 1 | ಕುಚ್ಚಲಕ್ಕಿ, ತೆಂಗಿನೆಣ್ಣೆ, ಮೆಣಸು, ಕೊತ್ತಂಬರಿ |
| 2 | ಕುಚ್ಚಲಕ್ಕಿ, ತೆಂಗಿನೆಣ್ಣೆ |
| 3 | ಕುಚ್ಚಲಕ್ಕಿ, ಮೆಣಸು, ಕೊತ್ತಂಬರಿ |
| 4 | ಮೈದಾ, ಬಾಳೆಹಣ್ಣು |
| 5 | ಕುಚ್ಚಲಕ್ಕಿ, ತೆಂಗಿನೆಣ್ಣೆ, ಮೆಣಸು, ಕೊತ್ತಂಬರಿ |
| 6 | ಕುಚ್ಚಲಕ್ಕಿ, ಮೈದಾ, ಬಾಳೆಹಣ್ಣು |
| 7 | ಕುಚ್ಚಲಕ್ಕಿ, ತೆಂಗಿನೆಣ್ಣೆ |
| 8 | ಕುಚ್ಚಲಕ್ಕಿ, ಮೆಣಸು, ಕೊತ್ತಂಬರಿ |
| 9 | ತೆಂಗಿನೆಣ್ಣೆ, ಮೈದಾ, ಬಾಳೆಹಣ್ಣು |
| 10 | ಕುಚ್ಚಲಕ್ಕಿ |
| 11 | ಕುಚ್ಚಲಕ್ಕಿ, ತೆಂಗಿನೆಣ್ಣೆ, ಮೆಣಸು, ಕೊತ್ತಂಬರಿ |
| 12 | ಕುಚ್ಚಲಕ್ಕಿ, ಮೈದಾ |
| 13 | ಕುಚ್ಚಲಕ್ಕಿ, ಬಾಳೆಹಣ್ಣು |
| 14 | ಕುಚ್ಚಲಕ್ಕಿ, ತೆಂಗಿನೆಣ್ಣೆ |
| 15 | ತೆಂಗಿನೆಣ್ಣೆ, ಮೆಣಸು, ಕೊತ್ತಂಬರಿ |
| 16 | ಕುಚ್ಚಲಕ್ಕಿ, ಮೆಣಸು, ಕೊತ್ತಂಬರಿ |
| 17 | ಕುಚ್ಚಲಕ್ಕಿ, ತೆಂಗಿನೆಣ್ಣೆ, ಮೈದಾ, ಬಾಳೆಹಣ್ಣು |
| 18 | ಕುಚ್ಚಲಕ್ಕಿ, ಮೆಣಸು |
| 19 | ತೆಂಗಿನೆಣ್ಣೆ, ಶಾವಿಗೆ, ಏಲಕ್ಕಿ |
| 20 | ಕುಚ್ಚಲಕ್ಕಿ |

ಈ ಪಟ್ಟಿಯಲ್ಲಿ ಪ್ರಮಾಣಕ್ಕೆ ಜಾಗವಿಲ್ಲ. ಒಬ್ಬರು ಹತ್ತು ಕಿಲೋ ಅಕ್ಕಿ ಕೊಂಡರೂ, ಇನ್ನೊಬ್ಬರು ಒಂದೇ ಕಿಲೋ ಕೊಂಡರೂ ಇಬ್ಬರ ಚೀಟಿಯಲ್ಲೂ "ಅಕ್ಕಿ ಇದೆ" ಎಂಬಷ್ಟೇ ಉಳಿಯುತ್ತದೆ. ಒಂದೇ ಚೀಟಿಯಲ್ಲಿ ಮೆಣಸನ್ನು ಎರಡು ಸಾಲುಗಳಲ್ಲಿ ಬರೆದಿದ್ದರೆ ಅದನ್ನೂ ಒಂದೇ ಎಂದು ಎಣಿಸಬೇಕು.

ಹೆಸರುಗಳನ್ನು ಒಂದು ಮಾಡಿಕೊಳ್ಳುವುದಕ್ಕೆ ಎಣಿಕೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ. ನಮ್ಮ ಊರಿನ ಅಂಗಡಿಗಳಲ್ಲಿ ಚೀಟಿ ಬರೆಯುವ ಕೈ ಬದಲಾದ ಹಾಗೆ ಭಾಷೆಯೂ ಬದಲಾಗುತ್ತದೆ. ಭಾವನವರು "ತೆಂಗಿನೆಣ್ಣೆ" ಎಂದು ಬರೆದರೆ, ಅಂಗಡಿಯ ಹುಡುಗ ತುಳುವಿನಲ್ಲಿ "ತಾರಾಯಿದ ಎಣ್ಣೆ" ಎಂದು ಬರೆಯುತ್ತಾನೆ, ಮೆಣಸು ಅವನ ಕೈಯಲ್ಲಿ "ಮುಂಚಿ" ಆಗುತ್ತದೆ. ಇವನ್ನು ಬೇರೆ ಬೇರೆ ವಸ್ತುಗಳೆಂದು ಎಣಿಸಿದರೆ ಎರಡರ ಸಂಖ್ಯೆಯೂ ಕುಗ್ಗಿ, ನಿಜವಾದ ಜೋಡಿಗಳು ಕಣ್ಣಿಗೆ ಬೀಳುವುದಿಲ್ಲ. ತದ್ವಿರುದ್ಧವಾಗಿ, ಕೊತ್ತಂಬರಿ ಬೀಜವನ್ನೂ ಕೊತ್ತಂಬರಿ ಸೊಪ್ಪನ್ನೂ ಒಂದೇ ಹೆಸರಿನ ಕೆಳಗೆ ಸೇರಿಸಿದರೆ ಮಸಾಲೆ ಹುರಿಯುವವರೂ ಸಾರಿಗೆ ಸೊಪ್ಪು ಹಾಕುವವರೂ ಬೆರೆತುಹೋಗುತ್ತಾರೆ.

ಎರಡನೆಯ ಹೆಜ್ಜೆ: ಸಪೋರ್ಟ್

ಒಟ್ಟು ಚೀಟಿಗಳಲ್ಲಿ ಎಷ್ಟು ಪಾಲು ಚೀಟಿಗಳಲ್ಲಿ ಒಂದು ವಸ್ತು, ಅಥವಾ ಒಂದು ಗುಂಪಿನ ಎಲ್ಲ ವಸ್ತುಗಳು, ಇವೆ ಎಂಬುದೇ ಸಪೋರ್ಟ್. ಬೆರಳಿಟ್ಟು ಎಣಿಸಿದರೆ ಕುಚ್ಚಲಕ್ಕಿ 16 ಚೀಟಿಗಳಲ್ಲಿದೆ, ತೆಂಗಿನೆಣ್ಣೆ 10ರಲ್ಲಿ, ಮೆಣಸು 8ರಲ್ಲಿ, ಕೊತ್ತಂಬರಿ 7ರಲ್ಲಿ, ಮೈದಾ ಮತ್ತು ಬಾಳೆಹಣ್ಣು ತಲಾ 5ರಲ್ಲಿ. ಶಾವಿಗೆ ಮತ್ತು ಏಲಕ್ಕಿ ಒಂದೊಂದೇ ಚೀಟಿಯಲ್ಲಿವೆ. 20ರಿಂದ ಭಾಗಿಸಿದರೆ ಕುಚ್ಚಲಕ್ಕಿಯ ಸಪೋರ್ಟ್ 0.80, ಮೆಣಸಿನದ್ದು 0.40, ಕೊತ್ತಂಬರಿಯದ್ದು 0.35.

ಈಗ ಜೋಡಿಗಳು. ಮೆಣಸು ಮತ್ತು ಕೊತ್ತಂಬರಿ ಎರಡೂ ಇರುವ ಚೀಟಿಗಳು 1, 3, 5, 8, 11, 15, 16, ಅಂದರೆ ಏಳು. ಮೆಣಸು ಮತ್ತು ಕುಚ್ಚಲಕ್ಕಿ ಎರಡೂ ಇರುವ ಚೀಟಿಗಳು 1, 3, 5, 8, 11, 16, 18, ಇವೂ ಏಳೇ. ಎರಡೂ ಜೋಡಿಗಳ ಸಪೋರ್ಟ್ 0.35. ಇಷ್ಟರಿಂದ ಭಾವನವರ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸಪೋರ್ಟ್ ಹೇಳುವುದು ಒಂದು ಜೋಡಿ ಅಂಗಡಿಯಲ್ಲಿ ಎಷ್ಟು ಸಲ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಮಾತ್ರ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲು ಸಾಕಷ್ಟು ವ್ಯಾಪಾರ ಅದರಲ್ಲಿ ಇದೆಯೇ ಎಂದು ತಿಳಿಯಲು ಅದು ಬೇಕು.

ಮೂರನೆಯ ಹೆಜ್ಜೆ: ಕಾನ್ಫಿಡೆನ್ಸ್

ಎಡಗಡೆಯ ವಸ್ತು ಇರುವ ಚೀಟಿಗಳನ್ನು ಮಾತ್ರ ಬದಿಗೆ ತೆಗೆದಿಟ್ಟು, ಅವುಗಳಲ್ಲಿ ಎಷ್ಟು ಪಾಲಿನಲ್ಲಿ ಬಲಗಡೆಯ ವಸ್ತುವೂ ಇದೆ ಎಂದು ನೋಡಿದರೆ ಅದು ಕಾನ್ಫಿಡೆನ್ಸ್. ಮೆಣಸಿನ ಎಂಟು ಚೀಟಿಗಳನ್ನು ಮೇಜಿನ ಮೇಲೆ ಹರಡಿ. ಕೊತ್ತಂಬರಿ ಏಳರಲ್ಲಿದೆ: 7/8 = 0.875. ಕುಚ್ಚಲಕ್ಕಿಯೂ ಏಳರಲ್ಲಿದೆ: 7/8 = 0.875.

ನಿಯಮವನ್ನು ತಿರುಗಿಸಿದರೆ ಈ ಸಂಖ್ಯೆ ಬದಲಾಗುತ್ತದೆ ಎಂಬುದನ್ನು ಗಮನಿಸಬೇಕು. ಕೊತ್ತಂಬರಿಯ ಏಳು ಚೀಟಿಗಳನ್ನು ತೆಗೆದರೆ ಏಳರಲ್ಲೂ ಮೆಣಸಿದೆ, ಆದ್ದರಿಂದ "ಕೊತ್ತಂಬರಿ → ಮೆಣಸು" ನಿಯಮದ ಕಾನ್ಫಿಡೆನ್ಸ್ 1. ಕೊತ್ತಂಬರಿ ಕೊಂಡವರು ಯಾರೂ ಮೆಣಸನ್ನು ಬಿಟ್ಟು ಹೋಗಲಿಲ್ಲ, ಆದರೆ ಮೆಣಸು ಕೊಂಡ ಒಬ್ಬರು, ಅಂದರೆ 18ನೇ ಚೀಟಿಯವರು, ಕೊತ್ತಂಬರಿಯಿಲ್ಲದೆ ಹೋದರು. ಬಾಣದ ದಿಕ್ಕನ್ನು ಬರೆಯದೆ "ಮೆಣಸು–ಕೊತ್ತಂಬರಿಯ ಕಾನ್ಫಿಡೆನ್ಸ್" ಎಂದಷ್ಟೇ ಯಾರಾದರೂ ಹೇಳಿದರೆ, ಯಾವ ದಿಕ್ಕಿನದು ಎಂದು ಕೇಳದೆ ಮುಂದೆ ಹೋಗಬಾರದು.

ಭಾವನವರು ಕಣ್ಣಂದಾಜಿನಲ್ಲಿ ಮಾಡಿದ್ದು ಈ ಕಾನ್ಫಿಡೆನ್ಸ್ ಲೆಕ್ಕವನ್ನೇ. ಅವರು ತಪ್ಪಿದ್ದು ಎಣಿಕೆಯಲ್ಲಲ್ಲ, ಹೋಲಿಕೆಯಲ್ಲಿ. ಮೆಣಸು ಕೊಂಡವರಲ್ಲಿ ನೂರಕ್ಕೆ 87.5 ಪಾಲು ಅಕ್ಕಿ ಕೊಂಡರು, ನಿಜ. ಆದರೆ ಮೆಣಸಿನ ಮಾತೇ ಎತ್ತದೆ ಇಡೀ ಅಂಗಡಿಯನ್ನು ನೋಡಿದರೂ ನೂರಕ್ಕೆ 80 ಪಾಲು ಅಕ್ಕಿ ಕೊಂಡಿದ್ದಾರೆ. ಊಟಕ್ಕೆ ಕುಚ್ಚಲಕ್ಕಿಯೇ ಬೇಕೆನ್ನುವ ಊರಿನಲ್ಲಿ ಯಾವ ವಸ್ತುವನ್ನು ಎಡಗಡೆಗೆ ಇಟ್ಟರೂ ಬಲಗಡೆಯಲ್ಲಿ ಅಕ್ಕಿ ಬಂದು ನಿಲ್ಲುತ್ತದೆ.

ಇದರ ಇನ್ನೂ ತೀಕ್ಷ್ಣವಾದ ಉದಾಹರಣೆ ಅದೇ ಪಟ್ಟಿಯಲ್ಲಿದೆ. ತೆಂಗಿನೆಣ್ಣೆಯ ಹತ್ತು ಚೀಟಿಗಳಲ್ಲಿ ಏಳರಲ್ಲಿ ಕುಚ್ಚಲಕ್ಕಿಯಿದೆ, ಕಾನ್ಫಿಡೆನ್ಸ್ 0.70. ಹತ್ತರಲ್ಲಿ ಏಳು ಎಂದರೆ ಗಟ್ಟಿಯಾದ ನಿಯಮವೆಂದು ತೋರುತ್ತದೆ. ಆದರೆ ಅಂಗಡಿಯ ಸರಾಸರಿಯೇ 0.80 ಇರುವಾಗ, ತೆಂಗಿನೆಣ್ಣೆ ಕೊಂಡವರು ಉಳಿದವರಿಗಿಂತ ಕಡಿಮೆ ಅಕ್ಕಿ ಕೊಂಡಿದ್ದಾರೆ ಎಂದಾಯಿತು. ಕಾನ್ಫಿಡೆನ್ಸನ್ನು ಒಂಟಿಯಾಗಿ ಓದಿದವರಿಗೆ ಈ ಮಾತು ಎಂದೂ ಕೇಳಿಸುವುದಿಲ್ಲ.

ನಾಲ್ಕನೆಯ ಹೆಜ್ಜೆ: ಲಿಫ್ಟ್

ಈ ಹೋಲಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯುವ ಅಳತೆ ಲಿಫ್ಟ್. ನಿಯಮದ ಕಾನ್ಫಿಡೆನ್ಸನ್ನು ಬಲಗಡೆಯ ವಸ್ತುವಿನ ಸಪೋರ್ಟಿನಿಂದ ಭಾಗಿಸಿದರೆ ಲಿಫ್ಟ್ ಸಿಗುತ್ತದೆ.

ಮೆಣಸು → ಕೊತ್ತಂಬರಿ: 0.875 / 0.35 = 2.5
ಮೆಣಸು → ಕುಚ್ಚಲಕ್ಕಿ: 0.875 / 0.80 = 1.09
ತೆಂಗಿನೆಣ್ಣೆ → ಕುಚ್ಚಲಕ್ಕಿ: 0.70 / 0.80 = 0.875

ಮೊದಲ ಎರಡು ನಿಯಮಗಳ ಸಪೋರ್ಟ್ ಒಂದೇ, ಕಾನ್ಫಿಡೆನ್ಸ್ ಒಂದೇ, ಆದರೆ ಲಿಫ್ಟ್ ಒಂದರದ್ದು ಇನ್ನೊಂದರ ಎರಡು ಪಟ್ಟಿಗೂ ಮೀರಿದೆ. ಮೆಣಸು ಇರುವ ಚೀಟಿಯಲ್ಲಿ ಕೊತ್ತಂಬರಿ ಸಿಗುವ ಸಾಧ್ಯತೆ ಅಂಗಡಿಯ ಸರಾಸರಿಯ ಎರಡೂವರೆ ಪಟ್ಟು. ಅಕ್ಕಿಯ ವಿಷಯದಲ್ಲಿ ಆ ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು. ಲಿಫ್ಟ್ 1ಕ್ಕಿಂತ ಮೇಲಿದ್ದರೆ ಎರಡು ವಸ್ತುಗಳು ಒಂದನ್ನೊಂದು ಹುಡುಕಿಕೊಂಡು ಬರುತ್ತಿವೆ, 1ಕ್ಕಿಂತ ಕೆಳಗಿದ್ದರೆ ದೂರ ಸರಿಯುತ್ತಿವೆ, 1 ಆಗಿದ್ದರೆ ಒಂದಕ್ಕೆ ಇನ್ನೊಂದರ ಗೊಡವೆಯಿಲ್ಲ. ಈ ಕೊನೆಯದಕ್ಕೆ ತೆಂಗಿನೆಣ್ಣೆ ಮತ್ತು ಮೆಣಸಿನ ಜೋಡಿ ಅಚ್ಚುಕಟ್ಟಾದ ಉದಾಹರಣೆ: ಹತ್ತು ಎಣ್ಣೆಯ ಚೀಟಿಗಳಲ್ಲಿ ನಾಲ್ಕರಲ್ಲಿ ಮೆಣಸಿದೆ, ಒಟ್ಟು ಅಂಗಡಿಯಲ್ಲೂ ಮೆಣಸಿನ ಪಾಲು 0.40, ಲಿಫ್ಟ್ ಸರಿಯಾಗಿ 1.

ಭಾಗಾಕಾರದ ಈ ರೂಪ ಮನಸ್ಸಿಗೆ ಹಿಡಿಸದವರಿಗೆ ನಾನು ಇನ್ನೊಂದು ದಾರಿಯನ್ನು ತೋರಿಸುತ್ತೇನೆ, ನನಗಂತೂ ಇದೇ ಹೆಚ್ಚು ಸ್ಪಷ್ಟ. ಮೆಣಸು 8 ಚೀಟಿಗಳಲ್ಲಿ, ಕೊತ್ತಂಬರಿ 7ರಲ್ಲಿ ಇದ್ದು, ಎರಡಕ್ಕೂ ಯಾವ ಸಂಬಂಧವೂ ಇಲ್ಲದೆ 20 ಚೀಟಿಗಳಲ್ಲಿ ಎರಚಿಹೋಗಿದ್ದರೆ, ಅವು ಸರಾಸರಿ 8 × 7 / 20 = 2.8 ಚೀಟಿಗಳಲ್ಲಿ ಎದುರಾಗಬೇಕಿತ್ತು. ಎದುರಾದದ್ದು 7ರಲ್ಲಿ. 7 / 2.8 = 2.5, ಅದೇ ಲಿಫ್ಟ್. ಅಕ್ಕಿಯಾದರೆ ನಿರೀಕ್ಷೆ 8 × 16 / 20 = 6.4, ಸಿಕ್ಕಿದ್ದು 7. ಭಾವನವರು ಅಕ್ಕಿಯ ಗೋಣಿಯನ್ನು ಎತ್ತಿಡಲು ಹೊರಟದ್ದು ಒಂದು ಚೀಟಿಗಿಂತಲೂ ಕಡಿಮೆಯ ವ್ಯತ್ಯಾಸವನ್ನು ನಂಬಿ. ಈ ರೂಪದಲ್ಲಿ ಇನ್ನೊಂದು ಸಂಗತಿಯೂ ತಾನಾಗಿ ಕಾಣುತ್ತದೆ: ಗುಣಾಕಾರದಲ್ಲಿ ಹಿಂದುಮುಂದು ಇಲ್ಲವಾದ್ದರಿಂದ ಲಿಫ್ಟಿಗೆ ದಿಕ್ಕಿಲ್ಲ. "ಕೊತ್ತಂಬರಿ → ಮೆಣಸು" ಎಂದರೂ ಅದು 2.5 ಆಗಿಯೇ ಉಳಿಯುತ್ತದೆ.

ಇದೇ ಲೆಕ್ಕವನ್ನು ಮೈದಾ ಮತ್ತು ಬಾಳೆಹಣ್ಣಿಗೆ ಮಾಡಿ ನೋಡಿ. ನಿರೀಕ್ಷೆ 5 × 5 / 20 = 1.25, ಸಿಕ್ಕಿದ್ದು 4, ಲಿಫ್ಟ್ 3.2. ಮಂಗಳೂರು ಬನ್ಸ್ ಮಾಡುವ ಮನೆಗಳಲ್ಲಿ ಮೈದಾ ಮತ್ತು ಚೆನ್ನಾಗಿ ಕಳಿತ ಬಾಳೆಹಣ್ಣು ಒಟ್ಟಿಗೆ ಬೇಕು ಎಂಬುದು ಇಲ್ಲಿಯವರಿಗೆ ಹೇಳಬೇಕಾದ ಮಾತಲ್ಲ. ಆದರೂ ಆ ಕಾರಣ ಬಂದದ್ದು ನಮ್ಮ ಅಡುಗೆಮನೆಯ ತಿಳಿವಳಿಕೆಯಿಂದಲೇ ಹೊರತು ಪಟ್ಟಿಯಿಂದಲ್ಲ.

ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ಪ್ರತಿ ವಸ್ತುವಿಗೆ ಒಂದು ಕಂಬ ಕೊಟ್ಟು, ಇದ್ದರೆ 1, ಇಲ್ಲದಿದ್ದರೆ 0 ಎಂದು ತುಂಬಬೇಕು. ಮೆಣಸು D ಕಂಬದಲ್ಲಿ, ಕೊತ್ತಂಬರಿ E ಕಂಬದಲ್ಲಿ, ಚೀಟಿಗಳು 2ರಿಂದ 21ರವರೆಗಿನ ಸಾಲುಗಳಲ್ಲಿದ್ದರೆ ಸಪೋರ್ಟ್, ಕಾನ್ಫಿಡೆನ್ಸ್, ಲಿಫ್ಟ್ ಕ್ರಮವಾಗಿ ಹೀಗೆ ಬರುತ್ತವೆ:

```
=SUMPRODUCT(D2:D21,E2:E21)/20
=SUMPRODUCT(D2:D21,E2:E21)/SUM(D2:D21)
=SUMPRODUCT(D2:D21,E2:E21)*20/(SUM(D2:D21)*SUM(E2:E21))
```

ಇಲ್ಲದ ಕಡೆ ಖಾಲಿ ಬಿಡುವ ಬದಲು 0 ಎಂದೇ ತುಂಬುವ ಅಭ್ಯಾಸ ಒಳ್ಳೆಯದು. ಖಾಲಿ ಕೋಣೆ ಕಂಡಾಗ, ವಸ್ತು ಇರಲಿಲ್ಲವೋ ಅಥವಾ ಚೀಟಿಯನ್ನು ಓದಲು ಮರೆತೆವೋ ಎಂಬುದು ಆಮೇಲೆ ಗೊತ್ತಾಗುವುದಿಲ್ಲ.

ಐದನೆಯ ಹೆಜ್ಜೆ: ಎಲ್ಲ ಜೋಡಿಗಳನ್ನೂ ಎಣಿಸದೆ ಇರುವುದು

ಎಂಟು ವಸ್ತುಗಳಿಂದ 28 ಜೋಡಿಗಳಾಗುತ್ತವೆ, ಮೂರರ ಗುಂಪುಗಳು 56. ನೂರಾರು ಸಾಮಾನುಗಳಿರುವ ಅಂಗಡಿಯಲ್ಲಿ ಇದು ಕೈ ಮೀರುತ್ತದೆ. ಸಪೋರ್ಟ್ ಮತ್ತು ಕಾನ್ಫಿಡೆನ್ಸ್‌ಗಳ ಮೇಲೆ ನಿಂತ ಈ ನಿಯಮಗಳ ಕಲ್ಪನೆಯನ್ನು ಕಂಪ್ಯೂಟರ್ ವಿಜ್ಞಾನಿಗಳಾದ ರಾಕೇಶ್ ಅಗ್ರವಾಲ್, ಇಮಿಯೆಲಿನ್ಸ್ಕಿ ಮತ್ತು ಅರುಣ್ ಸ್ವಾಮಿ 1993ರಲ್ಲಿ ಮುಂದಿಟ್ಟರು. ಮರುವರ್ಷ, 1994ರಲ್ಲಿ, ಅಗ್ರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ ಎಣಿಕೆಯ ಭಾರವನ್ನು ಇಳಿಸುವ ಅಪ್ರಿಯೋರಿ ವಿಧಾನವನ್ನು ಪ್ರಕಟಿಸಿದರು. ಅದರ ಬೆನ್ನೆಲುಬು ಒಂದೇ ಮಾತು: ಒಂದು ಗುಂಪು ಇರುವ ಪ್ರತಿ ಚೀಟಿಯಲ್ಲಿ ಅದರ ಎಲ್ಲ ಭಾಗಗಳೂ ಇರಲೇಬೇಕಾದ್ದರಿಂದ, ಗುಂಪಿನ ಸಪೋರ್ಟ್ ಅದರ ಯಾವ ಭಾಗದ ಸಪೋರ್ಟನ್ನೂ ಮೀರಲಾರದು. ಹಾಗಾಗಿ ಒಂದು ಭಾಗ ನಾವು ಇಟ್ಟ ಕನಿಷ್ಠ ಮಿತಿಯನ್ನು ದಾಟದಿದ್ದರೆ, ಅದನ್ನು ಒಳಗೊಂಡ ದೊಡ್ಡ ಗುಂಪುಗಳನ್ನು ಎಣಿಸದೆಯೇ ಬಿಡಬಹುದು.

ನಮ್ಮ ಪಟ್ಟಿಗೆ ಕನಿಷ್ಠ ಸಪೋರ್ಟ್ 0.20, ಅಂದರೆ ನಾಲ್ಕು ಚೀಟಿ, ಎಂದು ಇಡೋಣ. ಶಾವಿಗೆ ಮತ್ತು ಏಲಕ್ಕಿ ಮೊದಲ ಸುತ್ತಿನಲ್ಲೇ ಬೀಳುತ್ತವೆ. ಉಳಿದ ಆರು ವಸ್ತುಗಳಿಂದ 15 ಜೋಡಿಗಳು, ಅವುಗಳಲ್ಲಿ ಮಿತಿ ದಾಟುವವು ಏಳು: ಕುಚ್ಚಲಕ್ಕಿಯು ತೆಂಗಿನೆಣ್ಣೆ, ಮೆಣಸು ಮತ್ತು ಕೊತ್ತಂಬರಿಯೊಂದಿಗೆ, ತೆಂಗಿನೆಣ್ಣೆಯು ಮೆಣಸು ಮತ್ತು ಕೊತ್ತಂಬರಿಯೊಂದಿಗೆ, ಮೆಣಸು ಕೊತ್ತಂಬರಿಯೊಂದಿಗೆ, ಮೈದಾ ಬಾಳೆಹಣ್ಣಿನೊಂದಿಗೆ. ಮೂರರ ಗುಂಪಿನಲ್ಲಿ, ಒಳಗಿನ ಮೂರು ಜೋಡಿಗಳೂ ಉಳಿದಿರುವವನ್ನು ಮಾತ್ರ ಎಣಿಸಬೇಕಾದ್ದರಿಂದ, ನಾಲ್ಕೇ ಗುಂಪುಗಳು ಮಿಕ್ಕುತ್ತವೆ. ಅವುಗಳಲ್ಲಿ ಕುಚ್ಚಲಕ್ಕಿ–ಮೆಣಸು–ಕೊತ್ತಂಬರಿ 6 ಚೀಟಿಗಳಲ್ಲಿಯೂ ತೆಂಗಿನೆಣ್ಣೆ–ಮೆಣಸು–ಕೊತ್ತಂಬರಿ 4 ಚೀಟಿಗಳಲ್ಲಿಯೂ ಇದ್ದು ಉಳಿಯುತ್ತವೆ. ಕುಚ್ಚಲಕ್ಕಿ–ತೆಂಗಿನೆಣ್ಣೆ–ಮೆಣಸು 3 ಚೀಟಿಗಳಲ್ಲೇ ನಿಂತಿತು, ಹಾಗಾಗಿ ನಾಲ್ಕೂ ಸೇರಿದ ಗುಂಪನ್ನು ಮುಟ್ಟುವ ಅಗತ್ಯವೇ ಇಲ್ಲ.

ಅಪರೂಪದ ವಸ್ತುಗಳು ಮತ್ತು ಹುಸಿ ಲಿಫ್ಟ್

ಕಾನ್ಫಿಡೆನ್ಸಿನ ಮೋಸವನ್ನು ಲಿಫ್ಟ್ ತಿದ್ದಿತು ಎಂದು ತಿಳಿದ ಮೇಲೆ, ಹಲವರು ಎಲ್ಲ ನಿಯಮಗಳನ್ನೂ ಲಿಫ್ಟಿನ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಿ, ಮೊದಲ ಸಾಲನ್ನು ನಂಬಿಬಿಡುತ್ತಾರೆ. ನಮ್ಮ ಪಟ್ಟಿಯಲ್ಲಿ ಹಾಗೆ ಮಾಡಿದರೆ ಮೇಲೆ ನಿಲ್ಲುವುದು ಶಾವಿಗೆ ಮತ್ತು ಏಲಕ್ಕಿ. ಎರಡೂ ಒಂದೊಂದೇ ಚೀಟಿಯಲ್ಲಿವೆ, ಅದೂ 19ನೆಯದರಲ್ಲಿ. ಕಾನ್ಫಿಡೆನ್ಸ್ 1, ಲಿಫ್ಟ್ 1 / 0.05 = 20. ಮೆಣಸು–ಕೊತ್ತಂಬರಿಯ ಎಂಟು ಪಟ್ಟು! ಆದರೆ ಈ ಇಪ್ಪತ್ತರ ಹಿಂದೆ ಇರುವುದು ಒಬ್ಬರು, ಅವರ ಮನೆಯ ಒಂದು ದಿನದ ಪಾಯಸ. ಚೀಟಿ 20ರವರು ಅಕ್ಕಿಯ ಜೊತೆಗೆ ಒಂದಿಷ್ಟು ಏಲಕ್ಕಿಯನ್ನೂ ಕೊಂಡಿದ್ದರೆ ಲಿಫ್ಟ್ ಅಲ್ಲೇ 10ಕ್ಕೆ ಇಳಿಯುತ್ತಿತ್ತು. ಒಂದು ಚೀಟಿಯಿಂದ ಅರ್ಧಕ್ಕೆ ಕುಸಿಯುವ ಸಂಖ್ಯೆಯ ಮೇಲೆ ಗೋಣಿ ಎತ್ತಿಡಬಾರದು.

ಇಂಥವು ಎಷ್ಟು ಸುಲಭವಾಗಿ ಹುಟ್ಟುತ್ತವೆ ಎಂಬುದನ್ನೂ ಲೆಕ್ಕ ಹಾಕಬಹುದು. ಅಂಗಡಿಯ 40 ಸಾಮಾನುಗಳು ಈ 20 ಚೀಟಿಗಳಲ್ಲಿ ಒಂದೊಂದು ಸಲ ಮಾತ್ರ, ಯಾವ ಸಂಬಂಧವೂ ಇಲ್ಲದೆ ಬಂದಿವೆ ಎಂದುಕೊಳ್ಳಿ. ಅವುಗಳಿಂದ 780 ಜೋಡಿಗಳಾಗುತ್ತವೆ. ಯಾವುದೇ ಜೋಡಿ ಒಂದೇ ಚೀಟಿಯಲ್ಲಿ ಬೀಳುವ ಸಾಧ್ಯತೆ ಇಪ್ಪತ್ತರಲ್ಲಿ ಒಂದು. ಹಾಗಾದರೆ ಸರಾಸರಿ 39 ಜೋಡಿಗಳು ಬರಿಯ ಆಕಸ್ಮಿಕದಿಂದಲೇ ಕಾನ್ಫಿಡೆನ್ಸ್ 1, ಲಿಫ್ಟ್ 20 ಎಂಬ ಹಣೆಪಟ್ಟಿ ಕಟ್ಟಿಕೊಂಡು ಪಟ್ಟಿಯ ತುದಿಗೆ ಬರುತ್ತವೆ. ಕನಿಷ್ಠ ಸಪೋರ್ಟಿನ ಮಿತಿ ಎಣಿಕೆಯನ್ನು ಹಗುರ ಮಾಡುವುದಕ್ಕಿಂತ ಹೆಚ್ಚಾಗಿ ಇವನ್ನು ತಡೆಯುವುದಕ್ಕೆ ಬೇಕು.

ಮಿತಿ ದಾಟಿದ ಜೋಡಿಯನ್ನೂ ಒಮ್ಮೆ ಆಕಸ್ಮಿಕದ ಎದುರು ನಿಲ್ಲಿಸಿ ನೋಡುವುದು ನನ್ನ ರೂಢಿ. 20 ಚೀಟಿಗಳಲ್ಲಿ 16ರಲ್ಲಿ ಅಕ್ಕಿಯಿರುವಾಗ, ಕಣ್ಣು ಮುಚ್ಚಿ ಎಂಟು ಚೀಟಿ ಎತ್ತಿದರೆ ಅವುಗಳಲ್ಲಿ ಏಳರಲ್ಲಾದರೂ ಅಕ್ಕಿ ಇರುವ ಸಾಧ್ಯತೆ ಎಷ್ಟು? ಸ್ಪ್ರೆಡ್‌ಶೀಟಿನಲ್ಲಿ ಇದು ಒಂದೇ ಸಾಲು. ಮೊದಲನೆಯದು ಅಕ್ಕಿಗೆ, ಎರಡನೆಯದು ಕೊತ್ತಂಬರಿಗೆ:

```
=1-HYPGEOM.DIST(6,8,16,20,TRUE)
=1-HYPGEOM.DIST(6,8,7,20,TRUE)
```

ಅಕ್ಕಿಗೆ ಬರುವ ಉತ್ತರ ಸುಮಾರು 0.47. ಅಂದರೆ ಮೆಣಸಿಗೂ ಅಕ್ಕಿಗೂ ಯಾವ ನಂಟೂ ಇಲ್ಲದಿದ್ದರೂ, ಹೆಚ್ಚುಕಡಿಮೆ ಎರಡು ಸಲಕ್ಕೊಮ್ಮೆ ಭಾವನವರಿಗೆ ಕಂಡಂಥ ದೃಶ್ಯವೇ ಕಾಣುತ್ತದೆ. ಕೊತ್ತಂಬರಿಗೆ ಬರುವ ಉತ್ತರ ಸುಮಾರು 0.0001, ಹತ್ತು ಸಾವಿರ ಸಲಕ್ಕೊಮ್ಮೆ. ಎರಡರ ನಡುವಿನ ಅಂತರ ಇದಕ್ಕಿಂತ ಬಿಚ್ಚಿ ಹೇಳಲು ಬಾರದು. ಆದರೆ ಇಲ್ಲಿ ಒಂದು ಎಚ್ಚರ ಬೇಕು: ಜೋಡಿಗಳನ್ನು ನೂರಾರು ಪರೀಕ್ಷಿಸಿದರೆ ನೂರಕ್ಕೊಂದರಂಥ ಆಕಸ್ಮಿಕಗಳೂ ಕೆಲವು ಸಿಗುವುದು ಸಹಜ, ಆದ್ದರಿಂದ ಪರೀಕ್ಷಿಸಿದ ಜೋಡಿಗಳು ಹೆಚ್ಚಾದಷ್ಟೂ ಈ ಸಂಖ್ಯೆ ಇನ್ನೂ ಸಣ್ಣದಿರಬೇಕು ಎಂದು ಕೇಳಬೇಕು.

ಯಾವ ಚೀಟಿ ಒಳಗೆ, ಯಾವುದು ಹೊರಗೆ

ನಾನು ಮೊದಲ ಸಲ ಈ ಲೆಕ್ಕ ಮಾಡಿದಾಗ ಸೂತ್ರಗಳೆಲ್ಲ ಸರಿಯಿದ್ದೂ ಉತ್ತರ ತಪ್ಪಿತ್ತು, ಏಕೆಂದರೆ ಚೀಟಿಗಳನ್ನು ಆರಿಸುವಲ್ಲೇ ತಪ್ಪು ನಡೆದಿತ್ತು. ಅಂಗಡಿಯಲ್ಲಿ ದಿನದ ಚೀಟಿಗಳ ಜೊತೆಗೆ ಕಡದ ಪುಸ್ತಕವೂ ಇತ್ತು, ಅದರಲ್ಲಿ ಖಾಯಂ ಗಿರಾಕಿಗಳ ಒಂದು ತಿಂಗಳ ಸಾಮಾನು ಒಂದು ಪುಟದಲ್ಲಿರುತ್ತದೆ. ನಾನು ಅಂಥ ಪುಟವನ್ನೂ ಒಂದು ಚೀಟಿಯೆಂದೇ ಎಣಿಸಿದೆ. ತಿಂಗಳಿಡೀ ಕೊಂಡದ್ದು ಒಂದೇ ಬುಟ್ಟಿಯಲ್ಲಿ ಬಿದ್ದಾಗ ಎಲ್ಲದರ ಜೊತೆಗೂ ಎಲ್ಲವೂ ಇರುತ್ತದೆ.

ಇದರ ಪರಿಣಾಮವನ್ನು ನಮ್ಮ ಪಟ್ಟಿಯಲ್ಲೇ ತೋರಿಸುತ್ತೇನೆ. ತೆಂಗಿನೆಣ್ಣೆ ಮತ್ತು ಮೈದಾ ಒಟ್ಟಿಗೆ ಇರುವುದು 9 ಮತ್ತು 17ನೇ ಚೀಟಿಗಳಲ್ಲಿ ಮಾತ್ರ. ನಿರೀಕ್ಷೆ 10 × 5 / 20 = 2.5, ಲಿಫ್ಟ್ 2 / 2.5 = 0.8. ಈಗ ಆರೂ ಸಾಮಾನುಗಳಿರುವ ಐದು ಕಡದ ಪುಟಗಳನ್ನು ಸೇರಿಸಿ. ಚೀಟಿಗಳು 25, ಎಣ್ಣೆ 15, ಮೈದಾ 10, ಎರಡೂ ಸೇರಿ 7. ನಿರೀಕ್ಷೆ 15 × 10 / 25 = 6, ಲಿಫ್ಟ್ 7 / 6 = 1.17. ದೂರ ಸರಿಯುತ್ತಿದ್ದ ಜೋಡಿ ಈಗ ಹತ್ತಿರ ಬರುವ ಜೋಡಿಯಾಗಿ ಕಾಣುತ್ತಿದೆ, ಯಾವ ಗಿರಾಕಿಯ ನಡವಳಿಕೆಯೂ ಬದಲಾಗದೆ. ಈ ತಪ್ಪನ್ನು ಗುರುತಿಸುವ ಲಕ್ಷಣ ಸರಳ: ಚೀಟಿಗಳನ್ನು ಅವುಗಳಲ್ಲಿರುವ ವಸ್ತುಗಳ ಸಂಖ್ಯೆಯ ಪ್ರಕಾರ ಜೋಡಿಸಿ. ಹೆಚ್ಚಿನವು ಎರಡು ಮೂರು ವಸ್ತುಗಳದ್ದಾಗಿದ್ದು, ಕೆಲವು ಮಾತ್ರ ಬಹಳ ಉದ್ದವಾಗಿದ್ದರೆ ಅವುಗಳನ್ನು ಕೈಯಲ್ಲಿ ಹಿಡಿದು ಓದಬೇಕು. ಕಡದ ಪುಟದಲ್ಲಿ ತಾರೀಖುಗಳಿದ್ದರೆ ತಾರೀಖಿಗೊಂದರಂತೆ ಒಡೆಯಬಹುದು, ಇಲ್ಲದಿದ್ದರೆ ಬಿಟ್ಟುಬಿಡುವುದೇ ಸರಿ.

ಇನ್ನೊಂದು ತುದಿಯ ತೊಂದರೆ ಇದಕ್ಕಿಂತ ನಯವಾದದ್ದು. ಅಂಗಡಿಗೆ ಬಿಲ್ಲಿಂಗ್ ಯಂತ್ರ ಬಂದ ಮೇಲೆ, ಬೆಳಿಗ್ಗೆ ಹಾಲಿನ ಪ್ಯಾಕೆಟ್ ಒಂದನ್ನೇ ಕೊಂಡವರಿಗೂ ಬಿಲ್ಲು ಬರುತ್ತದೆ. ಅಂಥ 20 ಬಿಲ್ಲುಗಳನ್ನು ನಮ್ಮ 20 ಚೀಟಿಗಳಿಗೆ ಸೇರಿಸೋಣ. ಮೆಣಸು, ಅಕ್ಕಿ, ಎಣ್ಣೆ ಯಾವುದರ ಎಣಿಕೆಯೂ ಬದಲಾಗುವುದಿಲ್ಲ, ಕಾನ್ಫಿಡೆನ್ಸೂ ಹಾಗೆಯೇ ಇರುತ್ತದೆ. ಆದರೆ ಒಟ್ಟು 40 ಆದ್ದರಿಂದ ಅಕ್ಕಿಯ ಸಪೋರ್ಟ್ 0.80ರಿಂದ 0.40ಕ್ಕೆ ಇಳಿದು, "ಮೆಣಸು → ಕುಚ್ಚಲಕ್ಕಿ" ನಿಯಮದ ಲಿಫ್ಟ್ 1.09ರಿಂದ 2.19ಕ್ಕೆ ಜಿಗಿಯುತ್ತದೆ. ತೆಂಗಿನೆಣ್ಣೆ–ಕುಚ್ಚಲಕ್ಕಿಯ 0.875 ಹೋಗಿ 1.75 ಆಗುತ್ತದೆ. ಎರಡೂ ವಸ್ತುಗಳಿಲ್ಲದ ಚೀಟಿಗಳು ಸೇರಿದಷ್ಟೂ ಲಿಫ್ಟ್ ಏರುತ್ತದೆ.

ಇಲ್ಲಿ ಲಿಫ್ಟ್ ಸುಳ್ಳು ಹೇಳುತ್ತಿಲ್ಲ, ಪ್ರಶ್ನೆಯೇ ಬದಲಾಗಿದೆ. ಹಾಲಿಗೆ ಬಂದವರನ್ನೂ ಸೇರಿಸಿದಾಗ ಆ ಸಂಖ್ಯೆ ಹೇಳುವುದು "ಜೀನಸು ಕೊಳ್ಳಲು ಬಂದವರು ಹಾಲಿಗೆ ಬಂದವರಿಗಿಂತ ಬೇರೆ" ಎಂಬುದನ್ನು. ಅದು ನಮಗೆ ಮೊದಲೇ ಗೊತ್ತು. ಮೆಣಸಿನ ಗೋಣಿಯ ಪಕ್ಕದ ಜಾಗ ಜೀನಸು ಕೊಳ್ಳುವವರಿಗೆ ಸಂಬಂಧಿಸಿದ್ದಾದ್ದರಿಂದ, ಅವರ ಚೀಟಿಗಳಷ್ಟೇ ಲೆಕ್ಕಕ್ಕೆ ಬರಬೇಕು. ಈ ನಿರ್ಧಾರವನ್ನು ಲಿಫ್ಟ್ ನೋಡುವ ಮೊದಲೇ ಮಾಡಿ, ಪಟ್ಟಿಯ ತಲೆಯಲ್ಲಿ ಬರೆದಿಡಬೇಕು. ನೋಡಿದ ಮೇಲೆ ಚೀಟಿಗಳನ್ನು ಸೇರಿಸುತ್ತ ಬಿಡುತ್ತ ಹೋದರೆ, ಬೇಕಾದ ಉತ್ತರವನ್ನೇ ಹೊರಡಿಸಬಹುದು. ಅದೇ ಕಾರಣಕ್ಕೆ ಎರಡು ಅಂಗಡಿಗಳ ಲಿಫ್ಟುಗಳನ್ನು, ಅವರು ಯಾವ ಬಿಲ್ಲುಗಳನ್ನು ಎಣಿಸಿದರು ಎಂದು ಕೇಳದೆ ಅಕ್ಕಪಕ್ಕ ಇಟ್ಟು ನೋಡಬಾರದು.

ಗೋಣಿ ಎತ್ತಿಡುವ ಮೊದಲು

ಕೊತ್ತಂಬರಿಯ ಲಿಫ್ಟ್ 2.5 ಎಂದು ತೋರಿಸಿದಾಗ ಭಾವನವರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು: "ಹೇಗೂ ಅವರು ಎರಡನ್ನೂ ಕೊಳ್ಳುತ್ತಾರಲ್ಲ, ಮತ್ತೆ ಪಕ್ಕದಲ್ಲಿಟ್ಟು ನನಗೇನು ಸಿಕ್ಕಿತು?" ಇದಕ್ಕೆ ಲಿಫ್ಟಿನಲ್ಲಿ ಉತ್ತರವಿಲ್ಲ. ಗೋಣಿಗಳು ದೂರವಿರುವಾಗ ಜನ ಹೇಗೆ ಕೊಂಡರು ಎಂಬುದನ್ನು ಚೀಟಿಗಳು ಹೇಳುತ್ತವೆ, ಹತ್ತಿರ ಇಟ್ಟರೆ ಹೇಗೆ ಕೊಳ್ಳುತ್ತಾರೆ ಎಂಬುದನ್ನಲ್ಲ. ಎಂಟರಲ್ಲಿ ಏಳು ಜನ ಈಗಾಗಲೇ ಕೊಳ್ಳುತ್ತಿರುವಾಗ, ಹೆಚ್ಚಿಗೆ ಕೊಳ್ಳಲು ಉಳಿದಿರುವವರು 18ನೇ ಚೀಟಿಯಂಥವರು ಮಾತ್ರ. ಅಲ್ಲಿ ಲಾಭವಿದ್ದರೆ ಅದು ತೂಗಿ ಕೊಡುವ ಕೈಗೆ ಉಳಿಯುವ ಓಡಾಟದಲ್ಲಿ.

ಬಾಳೆಹಣ್ಣಿನ ವಿಷಯ ಬೇರೆ. ಮೈದಾ ಐದೇ ಚೀಟಿಗಳಲ್ಲಿದೆ, ಗೊನೆ ಮುಂಬಾಗಿಲಲ್ಲಿ ತೂಗುತ್ತದೆ, ಮೈದಾ ಒಳಗಿನ ಕಪಾಟಿನಲ್ಲಿದೆ, ಮತ್ತು ಹಣ್ಣು ಕಪ್ಪಾಗಲು ತೊಡಗಿದ ದಿನ ಅದನ್ನು ಮಾರಲೇಬೇಕು. ಅಲ್ಲಿ ಪ್ರಯೋಗಕ್ಕೆ ಅರ್ಥವಿದೆ. ನಾವು ನಿರ್ಧರಿಸಿದ್ದು ಹೀಗೆ: ಒಂದು ವಾರ ಮೈದಾದ ಪೊಟ್ಟಣಗಳನ್ನು ಗೊನೆಯ ಕೆಳಗಿನ ಹಲಗೆಯ ಮೇಲೆ ಇಡುವುದು, ಮರುವಾರ ಒಳಗೆ ತೆಗೆದಿಡುವುದು, ಹೀಗೆ ಎಂಟು ವಾರ ಬದಲಿಸುತ್ತ ಹೋಗುವುದು. ಪ್ರತಿ ವಾರ ಮೂರು ಸಂಖ್ಯೆಗಳನ್ನು ಬರೆಯುತ್ತೇವೆ: ಒಟ್ಟು ಜೀನಸಿನ ಚೀಟಿಗಳು, ಬಾಳೆಹಣ್ಣಿರುವವು, ಬಾಳೆಹಣ್ಣು ಮತ್ತು ಮೈದಾ ಎರಡೂ ಇರುವವು. ಹಬ್ಬ ಬೀಳುವ ವಾರಗಳನ್ನು ಲೆಕ್ಕದಿಂದ ಹೊರಗಿಡುತ್ತೇವೆ, ಏಕೆಂದರೆ ಆಗ ಬಾಳೆಹಣ್ಣು ಪೂಜೆಗೂ ಹೋಗುತ್ತದೆ.

ಕೊತ್ತಂಬರಿಯ ಗೋಣಿ ಈಗ ಮೆಣಸಿನ ಪಕ್ಕದಲ್ಲಿದೆ. ಅಕ್ಕಿ ಮೊದಲಿದ್ದಲ್ಲಿಯೇ, ಬಾಗಿಲಿನಿಂದ ಎಲ್ಲಕ್ಕಿಂತ ದೂರದ ಮೂಲೆಯಲ್ಲಿ ಇದೆ.